ಹಾಲು ಸಂಗ್ರಹ ಕೇಂದ್ರದ ಗೋಡೆಗೆ ಫ್ಲೋಚಾರ್ಟ್ ಪೋಸ್ಟರ್: ಆಕಾರ, ಬಾಣ, ಅಂತರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ತೆಗೆದುಕೊಳ್ಳುವ ಕ್ರಮವನ್ನು ಒಂದೇ ಹಾಳೆಯಲ್ಲಿ ತೋರಿಸುವ ಎ2 ಪೋಸ್ಟರ್ ಇಲ್ಲಿ ನಮ್ಮ ಉದಾಹರಣೆ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಸದಸ್ಯರಿಗೂ ಹೊಸದಾಗಿ ಸೇರಿದ ಪರೀಕ್ಷಕರಿಗೂ ಅದು ಒಂದೇ ಸಲಕ್ಕೆ ಅರ್ಥವಾಗಬೇಕು. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ. ತಂತ್ರಾಂಶ ಉಚಿತವಾಗಿ ಸಿಗುವ LibreOffice Draw. ಪವರ್‌ಪಾಯಿಂಟ್ ಬಳಸುವವರೂ ಇದೇ ಅಳತೆಗಳನ್ನು ಇಟ್ಟುಕೊಳ್ಳಬಹುದು.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಏನು ಸಿದ್ಧವಿರಬೇಕು?

ಹಂತಗಳ ಪಟ್ಟಿ ಇರಬೇಕು, ಅದೂ ನಿಜವಾಗಿ ನಡೆಯುವ ಕ್ರಮದಲ್ಲಿ. ಬೆಳಗಿನ ಸರದಿಯಲ್ಲಿ ಒಂದು ಗಂಟೆ ಕೌಂಟರ್ ಪಕ್ಕ ನಿಂತರೆ ಸಾಕು. ಕಾರ್ಯದರ್ಶಿ ಬಾಯಲ್ಲಿ ಹೇಳುವ ಕ್ರಮಕ್ಕೂ ಕೌಂಟರಿನಲ್ಲಿ ಕೈ ಓಡುವ ಕ್ರಮಕ್ಕೂ ಒಂದೆರಡು ಕಡೆ ವ್ಯತ್ಯಾಸ ಇದ್ದೇ ಇರುತ್ತದೆ. ತೂಕ ಮೊದಲೋ ಪರೀಕ್ಷೆ ಮೊದಲೋ ಎನ್ನುವುದು ಸಂಘದಿಂದ ಸಂಘಕ್ಕೆ ಬದಲಾಗಬಹುದು. ಯಾವುದನ್ನು ಬರೆಯಬೇಕೆಂದು ಸಂಘದವರೇ ತೀರ್ಮಾನಿಸಲಿ. ಆದರೆ ಆ ತೀರ್ಮಾನ ಚಿತ್ರ ಬಿಡಿಸುವ ಮೊದಲೇ ಆಗಿರಬೇಕು. ಎಲ್ಲ ಅಂತರ ಕೂಡಿಸಿಟ್ಟ ಮೇಲೆ ನಡುವೆ ಒಂದು ಪೆಟ್ಟಿಗೆ ತೂರಿಸಬೇಕಾದರೆ ಅದರ ಕೆಳಗಿನದನ್ನೆಲ್ಲ ಮತ್ತೆ ಜೋಡಿಸಬೇಕಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ನೇರ ಸಾಲಿನಲ್ಲಿ ಒಂಬತ್ತು ಆಕಾರಗಳಿವೆ. ಅವುಗಳೊಳಗಿನ ಬರಹ ಹೀಗಿದೆ:

1. ಹಾಲು ಬಂತು
2. ಮುಚ್ಚಳ ತೆಗೆದು ವಾಸನೆ, ಬಣ್ಣ ನೋಡಿ
3. ವಾಸನೆ, ಬಣ್ಣ ಸರಿ ಇದೆಯೇ?
4. ಚೆನ್ನಾಗಿ ಕದಡಿ ಸ್ಯಾಂಪಲ್ ತೆಗೆಯಿರಿ
5. ಅನಲೈಸರ್‌ನಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡಿ
6. ಸಂಘದ ಮಟ್ಟಕ್ಕೆ ಬಂದಿದೆಯೇ?
7. ತೂಕ ಮಾಡಿ, ಲೆಕ್ಕಕ್ಕೆ ಹಾಕಿ
8. ಚೀಟಿ ಕೊಡಿ
9. ಹಾಲು ಕೂಲರ್‌ಗೆ ಸೇರಿತು

ಮೂರು ಮತ್ತು ಆರನೆಯದರಲ್ಲಿ ಉತ್ತರ "ಇಲ್ಲ" ಎಂದಾದರೆ ಬಲಕ್ಕೆ ಒಂದೊಂದು "ಹಾಲು ವಾಪಸ್" ಬರುತ್ತದೆ. ಒಟ್ಟು ಹನ್ನೊಂದು ಆಕಾರ.

ಯಾವ ಹಂತಕ್ಕೆ ಯಾವ ಆಕಾರ?

ಈ ಪೋಸ್ಟರಿಗೆ ನಾಲ್ಕೇ ಸಾಕು. ಆರಂಭ ಮತ್ತು ಮುಕ್ತಾಯಕ್ಕೆ ಎರಡೂ ತುದಿ ದುಂಡಗಿರುವ ಪಟ್ಟಿ. ಮಾಡುವ ಪ್ರತಿ ಕೆಲಸಕ್ಕೆ ಆಯತ. ಹೌದು–ಇಲ್ಲ ಪ್ರಶ್ನೆಗೆ ವಜ್ರ. ಕೈಗೆ ಬರುವ ಕಾಗದಕ್ಕೆ, ಅಂದರೆ ಚೀಟಿಗೆ, ಕೆಳಅಂಚು ಅಲೆಯಂತಿರುವ ದಾಖಲೆ ಆಕಾರ. ಈ ಅರ್ಥಗಳು ಯಾರೋ ಒಬ್ಬರ ಇಷ್ಟದಿಂದ ಬಂದವಲ್ಲ, 1985ರ ISO 5807 ಮಾನದಂಡದಲ್ಲಿ ಇವು ಇವೆ.

ಆ ಮಾನದಂಡದಲ್ಲಿ ಇನ್ನೂ ಹಲವು ಆಕಾರಗಳಿವೆ. ಮಾಹಿತಿ ಒಳಬರುವ, ಹೊರಹೋಗುವ ಕಡೆಗೆ ಬಳಸುವ ಓರೆ ಆಯತ ಅವುಗಳಲ್ಲಿ ಎಲ್ಲರಿಗೂ ಪರಿಚಿತ. ಗೋಡೆಯ ಪೋಸ್ಟರಿಗೆ ಅದನ್ನು ತರಬೇಡಿ. "ಫ್ಯಾಟ್, ಎಸ್‌ಎನ್‌ಎಫ್ ನೋಡಿ" ಎಂಬುದು ಕೆಲಸವೋ ಮಾಹಿತಿಯೋ ಎಂಬ ಚರ್ಚೆ ಕಂಪ್ಯೂಟರ್ ತರಗತಿಗೆ ಸರಿ. ಇಲ್ಲಿ ಅದರಿಂದ ಯಾರಿಗೂ ಉಪಯೋಗವಿಲ್ಲ, ಓದುವವರ ಕಣ್ಣಿಗೆ ಐದನೆಯ ಆಕಾರವೊಂದು ಬಂದು ನಿಲ್ಲುತ್ತದೆ ಅಷ್ಟೆ.

"ಹಾಲು ವಾಪಸ್" ಎಂಬುದನ್ನು ಆಯತದಲ್ಲಿ ಬರೆಯುವುದು ತುಂಬ ಕಡೆ ಕಾಣುವ ತಪ್ಪು. ಅಲ್ಲಿಂದ ಮುಂದೆ ಬಾಣ ಹೋಗುವುದಿಲ್ಲ, ಆ ಹಾಲಿನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು. ಆದ್ದರಿಂದ ಅದೂ ದುಂಡು ತುದಿಯ ಪಟ್ಟಿಯೇ ಆಗಬೇಕು. ಆಯತ ಬಂದರೆ ಒಳಕ್ಕೆ ಒಂದು ಬಾಣ, ಹೊರಕ್ಕೆ ಒಂದು ಬಾಣ ಇರಲೇಬೇಕು. ಚಿತ್ರ ಮುಗಿದ ಮೇಲೆ ಪ್ರತಿ ಆಯತದ ಮೇಲೂ ಬೆರಳಿಟ್ಟು ಇದೊಂದನ್ನು ನೋಡಿದರೆ ಅರ್ಧಕ್ಕರ್ಧ ತಪ್ಪು ಸಿಕ್ಕಿಬೀಳುತ್ತದೆ.

ಆಕಾರಗಳ ಅಳತೆ ಎಷ್ಟಿರಬೇಕು? ಬರಹ ಉದ್ದವಿದ್ದ ಕಡೆ ಪೆಟ್ಟಿಗೆ ದೊಡ್ಡದು ಮಾಡಬಹುದೇ?

ಮಾಡಬಾರದು. ಒಂದು ಜಾತಿಯ ಆಕಾರಕ್ಕೆ ಒಂದೇ ಅಳತೆ. ಆಯತ ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣದು ಎಂದಾದರೆ ದೊಡ್ಡದರಲ್ಲಿ ಏನೋ ಹೆಚ್ಚಿನ ಮಹತ್ವವಿದೆ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಅತಿ ಉದ್ದದ ಬರಹಕ್ಕೆ ಸಾಲುವ ಅಳತೆಯನ್ನು ಮೊದಲು ಕಂಡುಕೊಂಡು ಅದನ್ನೇ ಎಲ್ಲಕ್ಕೂ ಕೊಡಿ. ಅದು ತೀರ ದೊಡ್ಡದಾದರೆ ಬರಹ ಕತ್ತರಿಸಿ.

ಇಲ್ಲಿ ಉದ್ದದ ಬರಹ ಐದನೆಯ ಹಂತದ್ದು. 28 ಪಾಯಿಂಟ್ ಅಕ್ಷರದಲ್ಲಿ ಎರಡು ಸಾಲು ಮಾಡಿದರೆ 140 ಅಗಲ, 40 ಎತ್ತರದ ಆಯತದಲ್ಲಿ ಆರಾಮವಾಗಿ ಕೂರುತ್ತದೆ. ಹಾಗಾಗಿ ಎಲ್ಲ ಆಯತಗಳೂ 140 × 40. ಚೀಟಿಯ ಆಕಾರಕ್ಕೂ ಅದೇ ಅಳತೆ. ದುಂಡು ತುದಿಯ ಪಟ್ಟಿ 140 × 30. ವಜ್ರ 180 × 60.

ಅಳತೆಗಳೆಲ್ಲ ಹತ್ತರ ಗುಣಕಗಳಾಗಿರುವುದನ್ನು ಗಮನಿಸಿ. ಗ್ರಿಡ್ 5 ಮಿ.ಮೀ. ಇಟ್ಟಾಗ ಪ್ರತಿ ಆಕಾರದ ಅಂಚೂ ಗ್ರಿಡ್ ಮೇಲೆ ಬರಬೇಕು, ಅದರ ನಡುಮಧ್ಯವೂ ಗ್ರಿಡ್ ಮೇಲೆಯೇ ಬರಬೇಕು. ಆಯತದ ಎತ್ತರ 35 ಎಂದಿಟ್ಟರೆ ಅದರ ಅರ್ಧ ಹದಿನೇಳೂವರೆ. ಪಕ್ಕದ ವಜ್ರದ ನಡುವಿಗೆ ಅದನ್ನು ಸರಿಹೊಂದಿಸಲು ಹೋದರೆ ಅಂಚು ಗ್ರಿಡ್ ಬಿಟ್ಟು ಎರಡೂವರೆ ಮಿ.ಮೀ. ಸರಿಯುತ್ತದೆ, ಅಲ್ಲಿಂದಾಚೆ ಯಾವುದೂ ಕೂಡುವುದಿಲ್ಲ.

ವಜ್ರದೊಳಗೆ ಬರಹ ಹಿಡಿಯುವುದೇ ಇಲ್ಲ, ಏನು ಮಾಡಬೇಕು?

ಇದಕ್ಕೆ ರೇಖಾಗಣಿತವೇ ಕಾರಣ. ವಜ್ರದೊಳಗೆ ಕೂರುವ ಅತಿ ದೊಡ್ಡ ಆಯತಕ್ಕೆ ವಜ್ರದ ಅರ್ಧ ಅಗಲ, ಅರ್ಧ ಎತ್ತರ ಮಾತ್ರ ಸಿಗುತ್ತದೆ. 180 × 60ರ ವಜ್ರದಲ್ಲಿ ಬರಹಕ್ಕೆ ಉಳಿಯುವುದು 90 × 30. ಆಯತದಷ್ಟೇ ಅಗಲ ಕೊಟ್ಟು 140 × 40 ಮಾಡಿದ್ದರೆ 70 × 20 ಸಿಗುತ್ತಿತ್ತು, ಅದರಲ್ಲಿ 28 ಪಾಯಿಂಟಿನ ಎರಡು ಸಾಲು ಹಿಡಿಸುವುದಿಲ್ಲ. ಆಗ ಸಾಮಾನ್ಯವಾಗಿ ಅಕ್ಷರದ ಗಾತ್ರ ಇಳಿಸುತ್ತಾರೆ. ಇಡೀ ಪೋಸ್ಟರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಕಾಣುವುದು ಹೀಗೆಯೇ.

ಸಾಲು ಮುರಿಯುವುದನ್ನು ತಂತ್ರಾಂಶಕ್ಕೆ ಬಿಡದೆ ನೀವೇ ಮುರಿಯಿರಿ. ಮೊದಲ ಸಾಲಿನಲ್ಲಿ "ವಾಸನೆ, ಬಣ್ಣ", ಎರಡನೆಯದರಲ್ಲಿ "ಸರಿ ಇದೆಯೇ?". ಎರಡೂ ಸಾಲು ಹೆಚ್ಚುಕಡಿಮೆ ಒಂದೇ ಉದ್ದ ಇದ್ದರೆ ವಜ್ರದ ನಡುವೆ ಚೆನ್ನಾಗಿ ಕೂರುತ್ತವೆ. ಮೂರು ಸಾಲು ಬೇಕಾಗುವ ಪ್ರಶ್ನೆಯಲ್ಲಿ ಬಹುಪಾಲು ಎರಡು ಪ್ರಶ್ನೆಗಳು ಅಡಗಿರುತ್ತವೆ. "ವಾಸನೆ ಸರಿ ಇದ್ದು ಫ್ಯಾಟ್ ಕೂಡ ಸಾಕಷ್ಟಿದೆಯೇ?" ಎಂಬುದಕ್ಕೆ ಒಂದು ಹೌದು, ಒಂದು ಇಲ್ಲ ಎಂದು ಉತ್ತರ ಬಂದರೆ ಬಾಣ ಎತ್ತ ಹೋಗಬೇಕು? ಅದನ್ನು ಒಡೆದು ಎರಡು ವಜ್ರ ಮಾಡಿ.

ಅಂತರ ಎಲ್ಲ ಕಡೆ ಒಂದೇ ಇರಬೇಕಾದರೆ ಲೆಕ್ಕ ಹೇಗೆ?

ಕಣ್ಣಂದಾಜಿನಲ್ಲಿ ಎಳೆದಿಟ್ಟು ಆಮೇಲೆ ಸರಿಮಾಡುವುದಕ್ಕಿಂತ ಕಾಗದದ ಮೇಲೆ ಒಮ್ಮೆ ಕೂಡಿ ಕಳೆಯುವುದು ಬೇಗ ಮುಗಿಯುತ್ತದೆ.

ಎ2 ಹಾಳೆ ಉದ್ದುದ್ದ ಇಟ್ಟಾಗ 420 ಅಗಲ, 594 ಎತ್ತರ. ಮೇಲೆ ಶೀರ್ಷಿಕೆಗೆ 70 ಬಿಡೋಣ. ನೇರ ಸಾಲಿನಲ್ಲಿ ಪಟ್ಟಿ ಎರಡು, ಅವಕ್ಕೆ 60. ಆಯತ ನಾಲ್ಕು ಮತ್ತು ಚೀಟಿ ಒಂದು, ಅವಕ್ಕೆ 200. ವಜ್ರ ಎರಡು, 120. ಆಕಾರಗಳ ಒಟ್ಟು ಎತ್ತರ 380. ಒಂಬತ್ತು ಆಕಾರಗಳ ನಡುವೆ ಎಂಟು ಸಂದು. ಒಂದೊಂದಕ್ಕೆ 15 ಕೊಟ್ಟರೆ 120. ಎಲ್ಲ ಸೇರಿ 500. ಎಪ್ಪತ್ತರಲ್ಲಿ ಶುರುವಾದ ಸಾಲು 570ಕ್ಕೆ ಮುಗಿದು ಕೆಳಗೆ 24 ಉಳಿಯುತ್ತದೆ. ದಿನಾಂಕದ ಸಣ್ಣ ಸಾಲಿಗೆ ಅಷ್ಟು ಸಾಕು.

ಹಾಳೆಯ ಮೇಲಂಚಿನಿಂದ ಪ್ರತಿ ಆಕಾರ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂಬ ಕೋಷ್ಟಕ ಇದು:

| ಹಂತ | ಆಕಾರ | ಶುರು | ಮುಕ್ತಾಯ |
|---|---|---|---|
| 1 | ಪಟ್ಟಿ | 70 | 100 |
| 2 | ಆಯತ | 115 | 155 |
| 3 | ವಜ್ರ | 170 | 230 |
| 4 | ಆಯತ | 245 | 285 |
| 5 | ಆಯತ | 300 | 340 |
| 6 | ವಜ್ರ | 355 | 415 |
| 7 | ಆಯತ | 430 | 470 |
| 8 | ಚೀಟಿ | 485 | 525 |
| 9 | ಪಟ್ಟಿ | 540 | 570 |

ಅಡ್ಡಕ್ಕೆ, ನೇರ ಸಾಲಿನ ನಡುಗೆರೆ ಎಡ ಅಂಚಿನಿಂದ 130ರಲ್ಲಿದೆ. ಆಯತಗಳು 60ರಿಂದ 200ರವರೆಗೆ, ವಜ್ರಗಳು 40ರಿಂದ 220ರವರೆಗೆ. ಬಲಗಡೆಯ "ಹಾಲು ವಾಪಸ್" ಪಟ್ಟಿಗಳು 250ರಿಂದ 390ರವರೆಗೆ, ಅವುಗಳ ನಡು ವಜ್ರದ ನಡುವಿಗೆ ಸಮ, ಅಂದರೆ ಒಂದು 200ರ ಎತ್ತರದಲ್ಲಿ, ಇನ್ನೊಂದು 385ರಲ್ಲಿ. ವಜ್ರದ ಬಲತುದಿಗೂ ಪಟ್ಟಿಗೂ ನಡುವೆ 30 ಸಿಗುತ್ತದೆ. ಅದು ಮೇಲೆ–ಕೆಳಗಿನ ಸಂದಿನ ಎರಡರಷ್ಟು. ಅಡ್ಡ ಬಾಣದ ಮೇಲೆ "ಇಲ್ಲ" ಎಂದು ಬರೆಯಬೇಕಾದ್ದರಿಂದ ಅಷ್ಟು ಜಾಗ ಬೇಕೇ ಬೇಕು. ಎರಡು ಬಗೆಯ ಅಂತರ ಇರಬಹುದು, ಆದರೆ ಒಂದೊಂದು ಬಗೆಯೊಳಗೆ ವ್ಯತ್ಯಾಸ ಇರಬಾರದು.

ತಂತ್ರಾಂಶದಲ್ಲಿ ಸಮಾನ ಹಂಚಿಕೆಯ ಗುಂಡಿ ಇದೆಯಲ್ಲ, ಈ ಲೆಕ್ಕವೆಲ್ಲ ಯಾಕೆ?

ಗುಂಡಿ ಇದೆ, ಆದರೆ ಯಾವುದನ್ನು ಒತ್ತಬೇಕೆಂದು ತಿಳಿದಿರಬೇಕು. Draw ಹಂಚಿಕೆಯಲ್ಲಿ Center ಮತ್ತು Spacing ಎಂದು ಬೇರೆ ಬೇರೆ ಆಯ್ಕೆಗಳಿವೆ. Center ಆಕಾರಗಳ ನಡುಬಿಂದುಗಳ ದೂರವನ್ನು ಸಮ ಮಾಡುತ್ತದೆ. Spacing ಒಂದರ ಕೆಳಅಂಚಿನಿಂದ ಮುಂದಿನದರ ಮೇಲಂಚಿನವರೆಗಿನ ಸಂದನ್ನು ಸಮ ಮಾಡುತ್ತದೆ.

ಎಲ್ಲ ಆಕಾರಗಳ ಎತ್ತರ ಒಂದೇ ಆಗಿದ್ದರೆ ಎರಡರ ಫಲವೂ ಒಂದೇ. ನಮ್ಮದರಲ್ಲಿ 30, 40, 60 ಎಂದು ಮೂರು ಎತ್ತರಗಳಿವೆ. Center ಒತ್ತಿದರೆ ಮೊದಲ ಮತ್ತು ಕೊನೆಯ ಪಟ್ಟಿಗಳ ನಡುಬಿಂದುಗಳ ದೂರವಾದ 470 ಎಂಟು ಪಾಲಾಗಿ ಒಂದೊಂದು 58.75 ಆಗುತ್ತದೆ. ಆಗ ಎರಡು ಆಯತಗಳ ನಡುವಿನ ಸಂದು 18.75ಕ್ಕೆ ಹಿಗ್ಗುತ್ತದೆ, ಆಯತ ಮತ್ತು ವಜ್ರದ ನಡುವಿನದು 8.75ಕ್ಕೆ ಕುಗ್ಗುತ್ತದೆ, ಮೇಲಿನ ಪಟ್ಟಿಯ ಕೆಳಗೆ 23.75 ಬಿಡುತ್ತದೆ. "ಹಂಚಿಕೆ ಮಾಡಿದೆ, ಆದರೂ ಸರಿ ಕಾಣುತ್ತಿಲ್ಲ" ಎನ್ನುವವರ ಕಡತ ತೆರೆದು ನೋಡಿದರೆ ಹೆಚ್ಚಾಗಿ ಆಗಿರುವುದು ಇದೇ. Spacing ಆರಿಸಿ.

ಹಂಚಿಕೆಗೆ ಕನಿಷ್ಠ ಮೂರು ಆಕಾರಗಳನ್ನು ಆರಿಸಿರಬೇಕು. ಎರಡು ತುದಿಯವು ಇದ್ದಲ್ಲೇ ಇರುತ್ತವೆ, ನಡುವಿನವು ಮಾತ್ರ ಸರಿಯುತ್ತವೆ. ಆದ್ದರಿಂದ ಮೊದಲನೆಯದನ್ನು 70ರಲ್ಲಿ, ಕೊನೆಯದನ್ನು 540ರಲ್ಲಿ ನಿಖರವಾಗಿ ಕೂರಿಸಿ ಆಮೇಲೆ ಹಂಚಿ. ಬಾಣಗಳನ್ನಾಗಲಿ ಬಲಗಡೆಯ ಪಟ್ಟಿಗಳನ್ನಾಗಲಿ ಆ ಆಯ್ಕೆಯಲ್ಲಿ ಸೇರಿಸಬೇಡಿ, ಸೇರಿಸಿದರೆ ಅವೂ ಪಾಲು ಕೇಳುತ್ತವೆ.

Draw ಒಳಗೆ ಕೆಲಸದ ಕ್ರಮ ಹೇಗಿರಬೇಕು?

ಪುಟದ ಅಳತೆ 420 × 594 ಎಂದು ಮೊದಲೇ ಕೊಡಿ, ಪುಟದ ಮಾರ್ಜಿನ್ ನಾಲ್ಕೂ ಕಡೆ ಸೊನ್ನೆ ಮಾಡಿ. ಆಗ ಅಳತೆ ಕಾಗದದ ಅಂಚಿನಿಂದಲೇ ಎಣಿಕೆಯಾಗುತ್ತದೆ, ಮೇಲಿನ ಕೋಷ್ಟಕದ ಅಂಕಿಗಳನ್ನು ಹಾಗೇ ಹಾಕಬಹುದು. ಎ4ರಲ್ಲಿ ಬಿಡಿಸಿ ಕೊನೆಗೆ ಹಿಗ್ಗಿಸೋಣ ಎಂದು ಹೊರಟರೆ ಗೆರೆಯ ದಪ್ಪವೂ ಅಕ್ಷರದ ಗಾತ್ರವೂ ಅಳತೆ ತಪ್ಪಿ ಬರುತ್ತವೆ.

ಗ್ರಿಡ್ ಸೆಟ್ಟಿಂಗ್ ಇರುವ ಜಾಗ ಇದು:

```
Tools > Options > LibreOffice Draw > Grid
```

ಅಲ್ಲಿ Resolution ಎರಡೂ ಕಡೆ 5 mm ಕೊಟ್ಟು Snap to grid ಗುರುತು ಹಾಕಿ. ಆಮೇಲೆ ಪ್ರತಿ ಜಾತಿಯಿಂದ ಒಂದೊಂದು ಆಕಾರ ಮಾತ್ರ ಬಿಡಿಸಿ. ಅದಕ್ಕೆ ಗೆರೆಯ ದಪ್ಪ, ಬಣ್ಣ, ಅಕ್ಷರ ಎಲ್ಲ ಸರಿಮಾಡಿ, F4 ಒತ್ತಿ ಅಳತೆ ಟೈಪ್ ಮಾಡಿ. ಉಳಿದವೆಲ್ಲ ಅದರ ನಕಲುಗಳಾಗಲಿ. ಮೌಸ್ ಹಿಡಿದು ಎಳೆದು ಹೊಸದಾಗಿ ಬಿಡಿಸಿದ ಆಯತದ ಅಳತೆ ಎಷ್ಟೇ ಹುಷಾರಾಗಿದ್ದರೂ ತಪ್ಪಬಹುದು.

F4 ಕಿಟಕಿಯಲ್ಲಿ Base point ಎಂಬ ಒಂಬತ್ತು ಚುಕ್ಕೆಗಳ ಚೌಕವಿದೆ. ಅದರಲ್ಲಿ ಮೇಲಿನ ಸಾಲಿನ ನಡು ಚುಕ್ಕೆ ಆರಿಸಿದರೆ X ಎಂಬುದು ಆಕಾರದ ನಡುಗೆರೆಯ ಸ್ಥಾನ ಆಗುತ್ತದೆ, Y ಮೇಲಂಚಿನ ಸ್ಥಾನ ಆಗುತ್ತದೆ. ಒಂಬತ್ತಕ್ಕೂ X 130 ಎಂದು ಕೊಡಿ, Yಗೆ ಕೋಷ್ಟಕದ "ಶುರು" ಅಂಕಿ ಕೊಡಿ. ಆಯತಕ್ಕೆ 60, ವಜ್ರಕ್ಕೆ 40 ಎಂದು ಬೇರೆ ಬೇರೆ ನೆನಪಿಡುವ ಕೆಲಸ ತಪ್ಪುತ್ತದೆ. ಬಲಗಡೆಯ ಎರಡು ಪಟ್ಟಿಗಳಿಗೆ ಚೌಕದ ನಡುಮಧ್ಯದ ಚುಕ್ಕೆ ಆರಿಸಿ, X 320, Y 200 ಮತ್ತು 385.

ಬಾಣಗಳು ಯಾವ ದಿಕ್ಕಿಗೆ ಹೋಗಬೇಕು?

ಮುಖ್ಯ ದಾರಿ ಮೇಲಿನಿಂದ ಕೆಳಕ್ಕೆ. ಬದಿಗೆ ಹೋಗುವುದಿದ್ದರೆ ಎಡದಿಂದ ಬಲಕ್ಕೆ. ಮಾನದಂಡ ಹೇಳುವ ಸಹಜ ದಿಕ್ಕೂ ಇದೇ, ಕನ್ನಡ ಓದುವ ಕಣ್ಣು ಓಡುವ ದಿಕ್ಕೂ ಇದೇ. ಈ ದಿಕ್ಕಿನಲ್ಲಿ ಹೋಗುವ ಗೆರೆಗೆ ಬಾಣದ ತುದಿ ಇಲ್ಲದಿದ್ದರೂ ನಡೆಯುತ್ತದೆ ಎಂಬ ಸಲೀಸು ಮಾನದಂಡದಲ್ಲಿದೆ. ಗೋಡೆಯ ಪೋಸ್ಟರಿನಲ್ಲಿ ಅದನ್ನು ಬಳಸಬೇಡಿ, ಎಲ್ಲ ಗೆರೆಗೂ ತುದಿ ಇರಲಿ.

ವಜ್ರಕ್ಕೆ ಒಂದೇ ಕಟ್ಟುಪಾಡು: ಮೇಲಿನಿಂದ ಒಳಕ್ಕೆ, "ಹೌದು" ಕೆಳಕ್ಕೆ, "ಇಲ್ಲ" ಬಲಕ್ಕೆ. ಎಡತುದಿ ಖಾಲಿ. ಇದು ಎಲ್ಲ ವಜ್ರಗಳಿಗೂ ಹೀಗೇ ಇರಬೇಕಾದರೆ ಪ್ರಶ್ನೆಯ ಮಾತನ್ನೂ ಅದಕ್ಕೆ ತಕ್ಕಂತೆ ಹೆಣೆಯಬೇಕು. "ಹುಳಿ ವಾಸನೆ ಇದೆಯೇ?" ಎಂದು ಕೇಳಿದರೆ "ಹೌದು" ಎಂದವರ ಹಾಲು ವಾಪಸ್. ಮುಂದಿನ ವಜ್ರದಲ್ಲಿ "ಸಂಘದ ಮಟ್ಟಕ್ಕೆ ಬಂದಿದೆಯೇ?" ಎಂದಾಗ "ಹೌದು" ಎಂದವರ ಹಾಲು ಒಳಕ್ಕೆ. ಒಂದೇ ಹಾಳೆಯಲ್ಲಿ "ಹೌದು" ಒಮ್ಮೆ ಬಲಕ್ಕೆ, ಒಮ್ಮೆ ಕೆಳಕ್ಕೆ ಹೋಗುತ್ತದೆ. ಸಾಲಿನಲ್ಲಿ ನಿಂತವರು ಅಕ್ಷರ ಓದುವುದಿಲ್ಲ, ದಿಕ್ಕು ನೋಡುತ್ತಾರೆ. ಅದಕ್ಕೇ ಪ್ರಶ್ನೆ "ಸರಿ ಇದೆಯೇ?" ಎಂದಾಯಿತು. ಒಳ್ಳೆಯ ಉತ್ತರ ಯಾವಾಗಲೂ "ಹೌದು" ಆಗಿ ನೇರ ಕೆಳಗಿಳಿಯಲಿ.

ಬಾಣದಲ್ಲಿ ಸಣ್ಣದೊಂದು ಮುರುಕು ಕಾಣುತ್ತದೆ, ಎಳೆದರೂ ನೇರವಾಗುವುದಿಲ್ಲ. ಯಾಕೆ?

ಬಾಣಕ್ಕೆ ಸಾದಾ ಗೆರೆಯ ಬದಲು ಕನೆಕ್ಟರ್ ಬಳಸಿದಾಗ ಹೀಗಾಗುತ್ತದೆ. ಅಲ್ಲಿ ತಪ್ಪು ಬಾಣದ್ದಲ್ಲ. ಮೂಲೆ ಮುರಿದು ಸಾಗುವ ಕನೆಕ್ಟರ್ ಎರಡು ಆಕಾರಗಳ ಅಂಟುಬಿಂದುಗಳನ್ನು ಅಡ್ಡ ಮತ್ತು ಲಂಬ ಗೆರೆಗಳಿಂದಲೇ ಸೇರಿಸುತ್ತದೆ. ಮೇಲಿನ ಆಯತದ ನಡುಗೆರೆ 130ರಲ್ಲಿ, ಕೆಳಗಿನದರದ್ದು 130.5ರಲ್ಲಿ ಇದ್ದರೆ ಅದು ಅರ್ಧ ಮಿ.ಮೀ. ಪಕ್ಕಕ್ಕೆ ತಿರುಗಿಯೇ ಕೆಳಗಿಳಿಯಬೇಕು. ಆ ಮುರುಕು ಪರದೆಯ ಮೇಲೆ ಕಾಣದೆ ಅಚ್ಚಿನಲ್ಲಿ ಕಾಣುವುದೂ ಉಂಟು. ಎರಡೂ ಆಕಾರಗಳನ್ನು ಒಂದೊಂದಾಗಿ ಆರಿಸಿ F4ನಲ್ಲಿ ನಡುಗೆರೆ ನೋಡಿ ಸರಿಮಾಡಿದರೆ ಬಾಣ ತಾನಾಗಿ ನೇರವಾಗುತ್ತದೆ.

ಈ ಕಾರಣಕ್ಕೇ ಸಾದಾ ಗೆರೆಗಿಂತ ಕನೆಕ್ಟರ್ ಒಳ್ಳೆಯದು, ತಪ್ಪನ್ನು ಅದು ಮುಚ್ಚಿಡುವುದಿಲ್ಲ. ಜೊತೆಗೆ ಆಕಾರ ಸರಿಸಿದರೆ ಬಾಣವೂ ಹಿಂದೆಯೇ ಬರುತ್ತದೆ. ತುದಿ ನಿಜವಾಗಿ ಅಂಟಿದೆಯೋ ಇಲ್ಲವೋ ಎಂದು ತಿಳಿಯಲು ಆಕಾರವನ್ನು ಸ್ವಲ್ಪ ಎಳೆದು ನೋಡಿ, ಮತ್ತೆ Ctrl+Z ಒತ್ತಿ. ಪವರ್‌ಪಾಯಿಂಟಿನ ಈಚಿನ ಆವೃತ್ತಿಗಳಲ್ಲಿ ಅಂಟಿದ ತುದಿಯಲ್ಲಿ ಹಸಿರು ಚುಕ್ಕೆ ಕಾಣುತ್ತದೆ.

ಚೀಟಿಯ ಆಕಾರ ಒಂದು ಕಡೆ ಕೈಕೊಡುತ್ತದೆ. ಅದರ ಕೆಳಅಂಚು ಅಲೆಯಾಗಿರುವುದರಿಂದ ಕೆಳಗಿನ ಅಂಟುಬಿಂದು ಆಕಾರದ ತಳಮಟ್ಟಕ್ಕಿಂತ ಒಂದೆರಡು ಮಿ.ಮೀ. ಮೇಲಿರುತ್ತದೆ. ಎಂಟರಿಂದ ಒಂಬತ್ತಕ್ಕೆ ಹೋಗುವ ಬಾಣ ಅಷ್ಟು ಉದ್ದವಾಗಿ ಕಂಡರೆ ಗಾಬರಿ ಬೇಡ, ಅದನ್ನು ಹಾಗೇ ಬಿಡಿ. ಬಾಣ ಗಿಡ್ಡ ಮಾಡಲು ಹೋಗಿ ಕೊನೆಯ ಪಟ್ಟಿಯನ್ನು ಮೇಲೆತ್ತಿದರೆ ಲೆಕ್ಕವೇ ತಪ್ಪುತ್ತದೆ.

ಬಾಣದ ದಪ್ಪ, ತುದಿಯ ಗಾತ್ರ ಎಷ್ಟು?

ಆಕಾರದ ಅಂಚಿಗೂ ಬಾಣಕ್ಕೂ ಒಂದೇ ದಪ್ಪ, 1 ಮಿ.ಮೀ. ತುದಿಯ ಅಗಲ 5. ಹದಿನೈದರ ಸಂದಿನಲ್ಲಿ ತುದಿ ಹೋಗಿ ಹತ್ತರಷ್ಟು ಕಡ್ಡಿ ಉಳಿಯಬೇಕು. ತುದಿ ದೊಡ್ಡದು ಮಾಡಿದರೆ ಕಡ್ಡಿ ಮಾಯವಾಗಿ ಎರಡು ಪೆಟ್ಟಿಗೆಗಳ ನಡುವೆ ಬರೀ ತ್ರಿಕೋನ ಕಾಣುತ್ತದೆ. ತುದಿಯ ಸೆಟ್ಟಿಂಗಿನಲ್ಲಿ Center ಗುರುತು ಇದ್ದರೆ ತೆಗೆಯಿರಿ, ಇದ್ದರೆ ತುದಿ ಪೆಟ್ಟಿಗೆಯ ಅಂಚನ್ನು ದಾಟಿ ಒಳಗೆ ನುಗ್ಗುತ್ತದೆ.

"ಹೌದು", "ಇಲ್ಲ" ಎಲ್ಲಿ ಬರೆಯಬೇಕು?

ವಜ್ರದಿಂದ ಬಾಣ ಹೊರಡುವ ಜಾಗದ ಹತ್ತಿರ. ಬಾಣ ತಲುಪುವ ಜಾಗದಲ್ಲಿ ಬರೆದರೆ ಅದು ಮುಂದಿನ ಪೆಟ್ಟಿಗೆಯ ಮಾತಿನಂತೆ ಕಾಣುತ್ತದೆ. "ಇಲ್ಲ" ಅಡ್ಡ ಬಾಣದ ಮೇಲುಗಡೆ, "ಹೌದು" ಕೆಳಬಾಣದ ಬಲಗಡೆ, ಎರಡು ವಜ್ರಕ್ಕೂ ಹೀಗೇ. Drawನಲ್ಲಿ ಕನೆಕ್ಟರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ನೇರ ಟೈಪ್ ಮಾಡಬಹುದು, ಆದರೆ ಅಕ್ಷರ ಗೆರೆಯ ಮೇಲೆಯೇ ಬೀಳುತ್ತದೆ. ಬೇರೆ ಪಠ್ಯ ಪೆಟ್ಟಿಗೆ ಮಾಡಿ, ಮೊದಲ ವಜ್ರದ ಬಳಿ ಸರಿಯಾಗಿ ಕೂರಿಸಿ, ಎರಡನ್ನೂ ನಕಲಿಸಿ F4ನಲ್ಲಿ Yಗೆ 185 ಕೂಡಿಸಿ. ಎರಡು ವಜ್ರಗಳ ನಡುವಿನ ದೂರ ಅಷ್ಟೇ.

ಸಂಶಯ ಬಂದರೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆ. ಹಿಂದಕ್ಕೆ ಹೋಗುವ ಬಾಣ ಹಾಕಬಹುದೇ?

ಹಾಕಬಹುದು, ಆದರೆ ಅದು ಕಾಣುವಷ್ಟು ಸುಲಭವಲ್ಲ. ಆರನೆಯ ವಜ್ರದ "ಇಲ್ಲ" ಎಂಬಲ್ಲಿಂದ ನಾಲ್ಕನೆಯ ಹಂತಕ್ಕೆ ಬಾಣ ಎಳೆದರೆ, ಕಡಿಮೆ ಫ್ಯಾಟಿನ ಹಾಲು ಪರೀಕ್ಷೆಗೆ ಹೋಗಿ, ತಿರುಗಿ ಬಂದು, ಮತ್ತೆ ಪರೀಕ್ಷೆಗೆ ಹೋಗುತ್ತಲೇ ಇರುತ್ತದೆ. ಚಿತ್ರದಲ್ಲಿ ಅದಕ್ಕೆ ಹೊರದಾರಿಯೇ ಇಲ್ಲ. ಹೊರದಾರಿ ಬೇಕಾದರೆ "ಮರುಪರೀಕ್ಷೆ ಆಗಿದೆಯೇ?" ಎಂಬ ಇನ್ನೊಂದು ವಜ್ರ ಬೇಕು. ಅದಕ್ಕೆ ನೇರ ಸಾಲಿನಲ್ಲಿ 60, ಸಂದಿಗೆ 15, ಒಟ್ಟು 75 ಎತ್ತರ ಬೇಕು. ನಮ್ಮ ಹಾಳೆಯಲ್ಲಿ ಕೆಳಗೆ ಉಳಿದಿರುವುದು 24. ಬಲಗಡೆಯ ಸಾಲಿನಲ್ಲಿ ಇಡೋಣವೆಂದರೆ 180 ಅಗಲದ ವಜ್ರ 250ರಿಂದ ಶುರುವಾಗಿ 430ಕ್ಕೆ, ಅಂದರೆ ಹಾಳೆಯಾಚೆಗೆ ಹೋಗುತ್ತದೆ.

ಈ ಪೋಸ್ಟರಿಗೆ ನಮ್ಮ ಸಲಹೆ, ಮರುಪರೀಕ್ಷೆಯನ್ನು ಬಾಣವಾಗಿಸದೆ ಐದನೆಯ ಹಂತದ ಕೆಲಸದೊಳಗೇ ಸೇರಿಸುವುದು. ಸಂಶಯವಿದ್ದರೆ ಇನ್ನೊಮ್ಮೆ ನೋಡುವುದು ಪರೀಕ್ಷಕರ ಕೆಲಸದ ಒಂದು ಭಾಗ. ಅಂತಿಮ ಅಂಕಿ ಬಂದ ಮೇಲೆಯೇ ಆರನೆಯ ಪ್ರಶ್ನೆ. ಎ1 ಹಾಳೆ ಸಿಗುವುದಾದರೆ ವಜ್ರ ಸೇರಿಸಿ. ಆಗ ಹಿಂದಕ್ಕೆ ಹೋಗುವ ಗೆರೆ ಬಲಗಡೆಯಿಂದ ಏರಿ ಹಂತದ ಬಲ ಅಂಚಿಗೆ ಬಂದು ಸೇರಲಿ. ಯಾವ ಪೆಟ್ಟಿಗೆಯಿಂದಲೂ 15ಕ್ಕಿಂತ ಹತ್ತಿರ ಹಾಯದಿರಲಿ, ಇನ್ನೊಂದು ಗೆರೆಯನ್ನು ದಾಟದಿರಲಿ.

ಹಂತಗಳು ಹದಿನೈದಾದರೆ?

ಎರಡು ಕಾಲಂ ಮಾಡಿ. ಎರಡನೆಯ ಕಾಲಂ ಕೂಡ ಮೇಲಿನಿಂದಲೇ ಕೆಳಗಿಳಿಯಲಿ. ಮೊದಲನೆಯದು ಇಳಿದು, ಎರಡನೆಯದು ಕೆಳಗಿನಿಂದ ಏರುವಂತೆ ಮಾಡಿದರೆ ಒಂದು ಉದ್ದ ಗೆರೆ ಉಳಿತಾಯವಾಗುತ್ತದೆ ನಿಜ, ಆದರೆ ಅರ್ಧ ಹಾಳೆಯಲ್ಲಿ ಬಾಣಗಳು ತಲೆಕೆಳಗು. ಕೆಳಗಿನಿಂದ ಮೇಲಕ್ಕೆ ಉದ್ದ ಗೆರೆ ಎಳೆಯುವ ಬದಲು ಮೊದಲ ಕಾಲಮಿನ ತುದಿಯಲ್ಲಿ ಒಂದು ಸಣ್ಣ ವೃತ್ತ, ಒಳಗೆ "ಅ". ಎರಡನೆಯದರ ತಲೆಯಲ್ಲಿ ಅದೇ ವೃತ್ತ, ಅದೇ "ಅ".

ಕನ್ನಡ ಅಕ್ಷರ ಪೆಟ್ಟಿಗೆಯ ನಡುವೆ ಕೂತಂತೆ ಕಾಣುವುದಿಲ್ಲ. ಏನು ಕಾರಣ?

ಒತ್ತಕ್ಷರ. ಕನ್ನಡ ಫಾಂಟುಗಳು ಸಾಲಿನ ಕೆಳಗೆ ಒತ್ತಿಗೆಂದು ಜಾಗ ಕಾಯ್ದಿಟ್ಟಿರುತ್ತವೆ. "ಚೀಟಿ ಕೊಡಿ" ಎಂಬಲ್ಲಿ ಒತ್ತೇ ಇಲ್ಲ, ಆ ಜಾಗ ಖಾಲಿ ಉಳಿದು ಬರಹ ಮೇಲಕ್ಕೆ ತೇಲಿದಂತೆ ಕಾಣುತ್ತದೆ. ಪ್ರತಿ ಪೆಟ್ಟಿಗೆಯಲ್ಲೂ ಬರಹವನ್ನು ಕೈಯಿಂದ ಸರಿಸಲು ಹೋಗಬೇಡಿ. ಎಲ್ಲಕ್ಕೂ ಒಳಗಿನ ಮೇಲಂಚಿನ ಜಾಗವನ್ನು ಕೆಳಅಂಚಿಗಿಂತ 1 ಮಿ.ಮೀ. ಹೆಚ್ಚು ಇಟ್ಟರೆ ಒಟ್ಟಾರೆ ಸಮತೂಕ ಬರುತ್ತದೆ.

ಎರಡು ಸಾಲಿನ ಬರಹದಲ್ಲಿ ಸಾಲಂತರ ಬಿಗಿ ಮಾಡಿದರೆ ಇದಕ್ಕೆ ವಿರುದ್ಧವಾದ ತೊಂದರೆ. "ಸಂಘದ ಮಟ್ಟಕ್ಕೆ" ಎಂಬುದರ ಒತ್ತುಗಳು ಕೆಳಸಾಲಿನ "ಬಂದಿದೆಯೇ" ಎಂಬುದರ ಗುಡಿಸಿಗೆ ತಾಗುತ್ತವೆ. ಇಂಗ್ಲಿಷ್ ಪೋಸ್ಟರಿನ ಮಾದರಿ ಕಡತ ತೆಗೆದುಕೊಂಡು ಕನ್ನಡ ತುಂಬಿದಾಗ ಇದು ಖಂಡಿತ ಆಗುತ್ತದೆ.

ಅಕ್ಷರ ಸಾಕಷ್ಟು ದೊಡ್ಡದೇ ಎಂದು ತಿಳಿಯಲು ಒಂದೇ ಆಯತವನ್ನು ಎ4 ಹಾಳೆಯಲ್ಲಿ ನಿಜ ಅಳತೆಗೆ ಮುದ್ರಿಸಿ. ಪೋಸ್ಟರ್ ಬರುವ ಜಾಗದಲ್ಲೇ ಅಂಟಿಸಿ, ಸಾಲು ನಿಲ್ಲುವ ಕಡೆಯಿಂದ, ಬೆಳಗಿನ ಜಾವದ ಬಲ್ಬಿನ ಬೆಳಕಿನಲ್ಲೇ ಓದಿ ನೋಡಿ.

ಬಣ್ಣ?

ಬಿಳಿ ಹಿನ್ನೆಲೆ, ಕಪ್ಪು ಗೆರೆ, "ಹಾಲು ವಾಪಸ್" ಪಟ್ಟಿಗಳಿಗೆ ತಿಳಿ ಕೆಂಪು. ಕಪ್ಪು–ಬಿಳುಪು ಜೆರಾಕ್ಸ್ ತೆಗೆದರೂ ಅರ್ಥ ಕೆಡುವುದಿಲ್ಲ, ಯಾಕೆಂದರೆ ಅರ್ಥ ಹೇಳುತ್ತಿರುವುದು ಆಕಾರ.

ಪ್ರಿಂಟ್ ಅಂಗಡಿಗೆ ಏನು ಕೊಡಬೇಕು? ಅಲ್ಲಿ ಅಕ್ಷರ ಒಡೆದುಹೋಗುತ್ತವೆ.

ಪಿಡಿಎಫ್ ಕೊಡಿ, ಮೂಲ ಕಡತ ಕೊಡಬೇಡಿ. ಮೂಲ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ನಿಮ್ಮ ಫಾಂಟ್ ಅಲ್ಲಿಲ್ಲದಿದ್ದರೆ ಇನ್ನೊಂದು ಬಂದು ಕೂರುತ್ತದೆ, ಅಗಲ ಬದಲಾಗಿ ಸಾಲು ಮುರಿಯುತ್ತದೆ. ಹಳೆಯ ನುಡಿ ಫಾಂಟುಗಳಿಗೆ ಒಗ್ಗಿದ ಅಂಗಡಿಗಳಲ್ಲಿ ಯೂನಿಕೋಡ್ ಪಠ್ಯವನ್ನು ವಿನ್ಯಾಸದ ತಂತ್ರಾಂಶಕ್ಕೆ ಅಂಟಿಸಿದಾಗ ಒತ್ತುಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುವುದುಂಟು. Draw ಮಾಡುವ ಪಿಡಿಎಫ್ ಒಳಗೆ ಫಾಂಟ್ ಸೇರಿಯೇ ಹೋಗುತ್ತದೆ.

ಅಂಗಡಿಯ ಪರದೆಯ ಮೇಲೆ ಎರಡು ಪದ ನೋಡಿದರೆ ಸಾಕು. "ಸ್ಯಾಂಪಲ್" ಎಂಬಲ್ಲಿ ಯ ಒತ್ತು ಸರಿಯಾಗಿ ಕೂತಿರಬೇಕು. "ಅನಲೈಸರ್‌ನಲ್ಲಿ" ಎಂಬಲ್ಲಿ ರ್ ಬಿಡಿಯಾಗಿ ನಿಂತಿರಬೇಕು, ನ ಬಲಕ್ಕೆ ಅರ್ಕಾವೊತ್ತಾಗಿ ಹಾರಿರಬಾರದು. ಹಾರಿದ್ದರೆ ನೀವು ಟೈಪ್ ಮಾಡುವಾಗಲೇ ರ್ ಮತ್ತು ನ ನಡುವೆ ಬಿಡಿಸುವ ಗುರುತು ಹಾಕಿಲ್ಲ ಎಂದರ್ಥ.

ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ಬೇಡ, 100% ಎಂದೇ ಹೇಳಿ. ಬಂದ ಹಾಳೆಯ ಮೇಲೆ ಸ್ಕೇಲ್ ಇಟ್ಟು ಒಂದು ಆಯತ ಅಳೆಯಿರಿ, 140 ಬರಬೇಕು. ಎ2 ಮುದ್ರಿಸುವ ಯಂತ್ರ ಇಲ್ಲ ಎಂದು ಎ3ಕ್ಕೆ ಇಳಿಸಿದರೆ ಅಳತೆಯೆಲ್ಲ ಸುಮಾರು 71% ಆಗುತ್ತದೆ. 28 ಪಾಯಿಂಟ್ ಅಕ್ಷರ 20ಕ್ಕೆ ಇಳಿಯುತ್ತದೆ. ಅಂತರಗಳ ಪ್ರಮಾಣ ಹಾಗೇ ಉಳಿಯುವುದರಿಂದ ನೋಡಲು ಚೆನ್ನಾಗಿಯೇ ಇರುತ್ತದೆ, ದೂರದಿಂದ ಓದಲಾಗುವುದಿಲ್ಲ ಅಷ್ಟೆ. ಅದರ ಬದಲು ಎರಡು ಎ3 ಹಾಳೆಗಳಲ್ಲಿ ಮುದ್ರಿಸಿ ಜೋಡಿಸಿ. ಜೋಡಣೆಯ ಗೆರೆ ಹಾಳೆಯ ನಡುವೆ, 297ರಲ್ಲಿ ಬರುತ್ತದೆ. ನಮ್ಮ ಕೋಷ್ಟಕದಲ್ಲಿ ಅದು ನಾಲ್ಕು ಮತ್ತು ಐದನೆಯ ಹಂತಗಳ ನಡುವಿನ ಸಂದಿನೊಳಗೇ ಬೀಳುತ್ತದೆ, ಯಾವ ಪೆಟ್ಟಿಗೆಯೂ ಕತ್ತರಿಸಿಹೋಗುವುದಿಲ್ಲ. ಬಾಣವೊಂದನ್ನು ಮಾತ್ರ ಹುಷಾರಾಗಿ ಕೂಡಿಸಬೇಕು. ಪ್ರಿಂಟರ್ ಹಾಳೆಯ ಅಂಚಿನವರೆಗೆ ಮುದ್ರಿಸದಿದ್ದರೆ ಅಲ್ಲಿ ಬಿಳಿ ಪಟ್ಟಿ ಬರುತ್ತದೆ. ಆಗ ಮೇಲಿನ ಹಾಳೆಯ ಕೆಳಅಂಚನ್ನೂ ಕೆಳಗಿನದರ ಮೇಲಂಚನ್ನೂ ಒಂದರ ಮೇಲೊಂದು ಬರುವಂತೆ, ಎರಡು ಹಾಳೆಯಲ್ಲೂ ಅದೇ ಹತ್ತು ಮಿ.ಮೀ. ಭಾಗ ಮುದ್ರಿಸಿಕೊಂಡು ಅಂಟಿಸಿ.

ಮುಂದೆ ಒಂದು ಹಂತ ಬದಲಾದರೆ?

ಮಾತು ಮಾತ್ರ ಬದಲಾದರೆ ಅದೇ ಪೆಟ್ಟಿಗೆಯಲ್ಲಿ ಎರಡು ಸಾಲಿಗೆ ಹೊಂದಿಸಿ. ಆಯತವೊಂದು ಸೇರಬೇಕಾದರೆ 40 ಎತ್ತರ ಹೆಚ್ಚು ಬೇಕು, ಸಂದುಗಳು ಎಂಟರ ಬದಲು ಒಂಬತ್ತಾಗುತ್ತವೆ. ಎಲ್ಲ ಸಂದನ್ನೂ 10ಕ್ಕೆ ಇಳಿಸಿದರೆ 420ಕ್ಕೆ 90 ಸೇರಿ 510, ಸಾಲು 580ಕ್ಕೆ ಮುಗಿಯುತ್ತದೆ. ಕೆಳಗಿನ ದಿನಾಂಕದ ಸಾಲನ್ನು ಶೀರ್ಷಿಕೆಯ ಪಕ್ಕಕ್ಕೆ ಒಯ್ಯಬೇಕಾಗುತ್ತದೆ. ಬಾಣದ ತುದಿಯನ್ನೂ 4ಕ್ಕೆ ಇಳಿಸಿ, ಇಲ್ಲವಾದರೆ ಕಡ್ಡಿ ಕಾಣುವುದಿಲ್ಲ. ಹೊಸ ಪೆಟ್ಟಿಗೆಯ ಅಕ್ಕಪಕ್ಕದ ಸಂದನ್ನು ಮಾತ್ರ ಕುಗ್ಗಿಸಿ ತೂರಿಸಬೇಡಿ. ಎರಡು ಹಂತ ಸೇರುವುದಾದರೆ ಎ2ರಲ್ಲಿ ಜಾಗವಿಲ್ಲ, ಎ1 ಹಾಳೆಗೆ ಹೋಗಿ. ದಿನಾಂಕ ಬದಲಿಸಿ, ಹಳೆಯ ಹಾಳೆಯನ್ನು ಗೋಡೆಯಿಂದ ಕಿತ್ತು ಹೊಸದನ್ನು ಅಂಟಿಸಿ. ಹಳೆಯದರ ಮೇಲೆ ಪೆನ್ನಿನಿಂದ ತಿದ್ದಿದ ಪೋಸ್ಟರನ್ನು ಸಾಲಿನಲ್ಲಿ ನಿಂತವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.